ಸಿಸ್ಟಮ್ ಪ್ರಾಂಪ್ಟ್ ಬದಲಿಸಿ ಬಾಟ್ ಕೆಟ್ಟರೆ ಹಳೇದಕ್ಕೆ ಮರಳೋದು ಹೇಗೆ?

"ಪ್ರಾಂಪ್ಟ್ ತಿದ್ದಿದೆ, ಬಾಟ್ ಹಾಳಾಯ್ತು. ಮೊದಲು ಏನಿತ್ತು ಅಂತ ನೆನಪಿಲ್ಲ. ಇನ್ನು ಮುಂದೆ ಹೀಗಾಗದಂತೆ ಏನು ಮಾಡಲಿ?"

ಪ್ರಾಂಪ್ಟನ್ನು `prompt.md` ಫೈಲ್‌ನಲ್ಲಿ ಬರೆದು ಗಿಟ್‌ನಲ್ಲಿ ಇಡಿ. ಒಂದು ಕಮಿಟ್‌ಗೆ ಒಂದೇ ಬದಲಾವಣೆ. ಬಾಟ್‌ನ ಪ್ರತಿ ಉತ್ತರದ ಲಾಗ್‌ನಲ್ಲೂ ಆ ಕಮಿಟ್ ಐಡಿ ಇರಲಿ.

ದಾವಣಗೆರೆಯ ಮೆಕ್ಕೆಜೋಳದ ವ್ಯಾಪಾರಿಯೊಬ್ಬರಿಗೆ ನಾನು ಬಾಟ್ ಮಾಡಿಕೊಟ್ಟಿದ್ದೆ. ಒಂದು ದಿನ "ಉತ್ತರ ಚಿಕ್ಕದಾಗಿರಲಿ" ಅಂತ ಸೇರಿಸಿದೆ, ಅಷ್ಟೇ. ಬಾಟ್ ರೇಟಿನ ಜೊತೆ "ಕ್ವಿಂಟಲ್‌ಗೆ" ಅನ್ನೋದನ್ನೇ ನುಂಗಿಬಿಟ್ಟಿತು! ಚೀಲದ ರೇಟು ಅಂದುಕೊಂಡು ರೈತರು ಫೋನ್ ಮಾಡತೊಡಗಿದರು. ಲಾಗ್ ನೋಡಿದೆ, ತಪ್ಪು ಉತ್ತರಗಳೆಲ್ಲ ಒಂದೇ ಐಡಿಯವು. ಕಮಿಟ್ ನೋಟ್‌ನಲ್ಲಿ ಏನು, ಯಾಕೆ ಬದಲಿಸಿದೆ ಅಂತ ಬರೆದಿದ್ದೆ. ಹಾಗಾಗಿ ಹುಡುಕಾಟ ಇರಲಿಲ್ಲ.

```
git revert 4f2c9a1
git push
```

ಆಮೇಲೆ ಮತ್ತೆ ಡಿಪ್ಲಾಯ್ ಮಾಡಿದೆ. `reset` ಬೇಡ, `revert` ಮಾಡಿದರೆ ಕೆಟ್ಟ ವರ್ಷನ್ ಕೂಡ ಇತಿಹಾಸದಲ್ಲಿ ಉಳಿಯುತ್ತದೆ.

ಆದರೂ ಕೆಲವರಿಗೆ ತಪ್ಪು ಉತ್ತರವೇ ಹೋಗುತ್ತಿತ್ತು. ಪ್ರಾಂಪ್ಟ್ ಸರಿಯಾದರೂ ಹಳೆ ಚಾಟ್‌ನಲ್ಲಿ ಬಾಟ್‌ನ ತಪ್ಪು ಉತ್ತರಗಳು ಇದ್ದವಲ್ವಾ? ಮಾಡೆಲ್ ಅದನ್ನೇ ನೋಡಿ ಅದೇ ಧಾಟಿ ಮುಂದುವರಿಸುತ್ತಿತ್ತು. ಆ ಐಡಿಯಲ್ಲಿ ನಡೆದ ಚಾಟ್‌ಗಳನ್ನು ಹೊಸದಾಗಿ ಶುರು ಮಾಡಿಸಿದ ಮೇಲೆಯೇ ನಿಂತಿದ್ದು.