ಸಿಸ್ಟಮ್ ಚೆಕ್ ಎಲ್ಲ ಹಸಿರು, ಆದರೂ ಪರೀಕ್ಷೆಯ ಬ್ರೌಸರ್ ತೆರೆಯುವುದಿಲ್ಲ

ಪ್ರಶ್ನೆ: ನಾಡಿದ್ದು ಆನ್‌ಲೈನ್ ಪರೀಕ್ಷೆ ಇದೆ. ಸಿಸ್ಟಮ್ ಚೆಕ್‌ನಲ್ಲಿ ಎಲ್ಲವೂ ಹಸಿರು ಬಂದಿದೆ. ಆದರೆ ಸೇಫ್ ಎಕ್ಸಾಮ್ ಬ್ರೌಸರ್ ತೆರೆದರೆ ಯಾವುದೋ ಅಪ್ಲಿಕೇಶನ್ ಮುಚ್ಚಿ ಎನ್ನುತ್ತದೆ, ಮುಚ್ಚಿದರೂ ಮತ್ತೆ ಅದೇ ಸಂದೇಶ. ನಾನು ಅದನ್ನು ತೆರೆದೇ ಇಲ್ಲ. ಏನು ಮಾಡಲಿ?

ಎರಡು ದಿನ ಮೊದಲೇ ತೆರೆದು ನೋಡಿದ್ದು ಒಳ್ಳೆಯದಾಯಿತು. ಮಂಡ್ಯದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು ನಾನು. ಪರೀಕ್ಷೆಯ ದಿನ ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ಓಡಿ ಬರುವವರಲ್ಲಿ ಹೆಚ್ಚಿನವರು "ಸರ್, ನಿನ್ನೆ ಚೆಕ್ ಪಾಸಾಗಿತ್ತು" ಎಂದೇ ಮಾತು ಶುರು ಮಾಡುತ್ತಾರೆ.

ಪಾಸಾಗಿದ್ದು ನಿಜವೇ. ಆದರೆ ಆ ಚೆಕ್ ನೋಡಿದ್ದು ಏನನ್ನು? ಕ್ರೋಮ್‌ನಲ್ಲಿ ತೆರೆಯುವ ಸಿಸ್ಟಮ್ ಚೆಕ್ ಒಂದು ವೆಬ್ ಪುಟ ಮಾತ್ರ. ಕ್ಯಾಮೆರಾ, ಮೈಕ್, ಇಂಟರ್ನೆಟ್ ವೇಗ, ಪರದೆಯ ಅಳತೆ, ಇಷ್ಟು ಅದಕ್ಕೆ ಕಾಣುತ್ತದೆ. ಕಂಪ್ಯೂಟರ್‌ನಲ್ಲಿ ಬೇರೆ ಯಾವ ಪ್ರೋಗ್ರಾಂ ಓಡುತ್ತಿದೆ ಎಂದು ತಿಳಿಯಲು ವೆಬ್ ಪುಟಕ್ಕೆ ಬಿಡುವುದೇ ಇಲ್ಲ. ಸೇಫ್ ಎಕ್ಸಾಮ್ ಬ್ರೌಸರ್ ಹಾಗಲ್ಲ, ಅದು ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಆದ ಪ್ರೋಗ್ರಾಂ. ಓಡುತ್ತಿರುವುದನ್ನೆಲ್ಲ ನೋಡಿ ತನ್ನ ನಿಷೇಧದ ಪಟ್ಟಿಗೆ ಹೋಲಿಸುತ್ತದೆ. ಪರೀಕ್ಷೆ ನಡೆಸುವವರು ಕೊಡುವ `.seb` ಫೈಲಿನ ಮೂಲಕ ಆ ಪಟ್ಟಿಯನ್ನು ಬದಲಿಸಬಹುದಾದ್ದರಿಂದ ಒಂದು ಪರೀಕ್ಷೆಗೆ ಅಡ್ಡಿಯಾಗದ ಪ್ರೋಗ್ರಾಂ ಇನ್ನೊಂದಕ್ಕೆ ಅಡ್ಡಿಯಾಗಬಹುದು. ಸ್ಟಾರ್ಟ್ ಮೆನುವಿನಿಂದ ಬ್ರೌಸರನ್ನು ಸುಮ್ಮನೆ ತೆರೆದು ನೋಡಿದರೆ ಅದು ಪರೀಕ್ಷೆ ಮಾಡಿದಂತಲ್ಲ. ನಿಮಗೆ ಬಂದಿರುವ ಫೈಲ್ ಅಥವಾ ಅಣಕು ಪರೀಕ್ಷೆಯ ಲಿಂಕ್ ಮೂಲಕವೇ ತೆರೆಯಬೇಕು.

ಈಗ ನಿಮ್ಮ ತೊಂದರೆಗೆ ಬರುತ್ತೇನೆ. ಪಾಂಡವಪುರದ ಕಡೆಯ ಒಬ್ಬ ವಿದ್ಯಾರ್ಥಿನಿಗೂ ಹೀಗೇ ಆಗಿತ್ತು. ಲ್ಯಾಪ್‌ಟಾಪ್ ಅವಳ ತಂದೆಯ ಅಂಗಡಿಯದು, ಬಿಲ್ ಹಾಕಲು ಇಟ್ಟುಕೊಂಡದ್ದು. ಬಿಲ್ಲಿಂಗ್ ಸಾಫ್ಟ್‌ವೇರ್ ಸರಿಪಡಿಸುವವರು ಎಂದೋ ಒಂದು ರಿಮೋಟ್ ಸಾಫ್ಟ್‌ವೇರ್ ಹಾಕಿ ಹೋಗಿದ್ದರು. ದೂರದಲ್ಲಿ ಕುಳಿತವರು ನಮ್ಮ ಪರದೆ ನೋಡುತ್ತ ಮೌಸ್ ಆಡಿಸಬಲ್ಲ ಇಂಥ ಪ್ರೋಗ್ರಾಂಗಳನ್ನು ಪರೀಕ್ಷೆಯ ಬ್ರೌಸರ್ ಮೊದಲು ತಡೆಯುತ್ತದೆ. ಎನಿಡೆಸ್ಕ್, ಟೀಮ್‌ವ್ಯೂವರ್ ಈ ಜಾತಿಯವು. ಅವಳ ಪರದೆಯಲ್ಲಿ ಕಿಟಕಿಯಾಗಲಿ, ಕೆಳಗಿನ ಪಟ್ಟಿಯಲ್ಲಿ ಚಿಹ್ನೆಯಾಗಲಿ ಏನೂ ಇರಲಿಲ್ಲ. ಬ್ರೌಸರ್ "ನಾನೇ ಮುಚ್ಚಲೇ" ಎಂದು ಕೇಳುತ್ತಿತ್ತು, ಅವಳು ಹೌದು ಎನ್ನುತ್ತಿದ್ದಳು, ಸ್ವಲ್ಪ ಹೊತ್ತಿಗೆ ಮುಚ್ಚಲಾಗಲಿಲ್ಲ ಎಂದು ನಿಂತುಬಿಡುತ್ತಿತ್ತು.

ಇದಕ್ಕೆ ಕಾರಣವಿದೆ. ಇಂಥ ಸಾಫ್ಟ್‌ವೇರ್‌ಗಳು ವಿಂಡೋಸ್‌ನ 'ಸರ್ವಿಸ್' ಆಗಿ ಕೂರುತ್ತವೆ. ಯಾರೂ ಲಾಗಿನ್ ಆಗುವ ಮೊದಲೇ ಎದ್ದು, ಬಳಕೆದಾರರ ಹೆಸರಿನಲ್ಲಿ ಓಡದೆ `SYSTEM` ಎಂಬ ಖಾತೆಯ ಹೆಸರಿನಲ್ಲಿ ಓಡುತ್ತವೆ. ನಿಮ್ಮ ಹೆಸರಿನಲ್ಲಿ ಓಡುವ ಪರೀಕ್ಷಾ ಬ್ರೌಸರ್‌ಗೆ ಅದನ್ನು ಕೊಲ್ಲುವ ಅಧಿಕಾರವಿಲ್ಲ. ನೀವು ಟಾಸ್ಕ್ ಮ್ಯಾನೇಜರ್‌ನಲ್ಲಿ `End task` ಒತ್ತಿ ಕೊಂದರೂ ವಿಂಡೋಸ್ ಅದನ್ನು ಮತ್ತೆ ಎಬ್ಬಿಸಬಹುದು. ನೀವು ಹೇಳಿದ "ಮುಚ್ಚಿದರೂ ಮತ್ತೆ ಅದೇ" ಎಂಬ ಲಕ್ಷಣ ಇದರದೇ ಇರಬೇಕು.

ಖಚಿತ ಮಾಡಿಕೊಳ್ಳಲು ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಟೈಪ್ ಮಾಡಿ:

```
tasklist /svc
```

ಬಂದ ಪಟ್ಟಿಯಲ್ಲಿ ಸಂದೇಶದಲ್ಲಿರುವ ಹೆಸರನ್ನು ಹುಡುಕಿ. ಅದರ ಬಲಗಡೆ `N/A` ಇದ್ದರೆ ಅದು ಮಾಮೂಲಿ ಪ್ರೋಗ್ರಾಂ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮುಗಿಸಿ, ಸ್ಟಾರ್ಟಪ್ ಪಟ್ಟಿಯಲ್ಲಿ ಅದನ್ನು ನಿಲ್ಲಿಸಿದರೆ ಸಾಕು. ಒಂದೇ ಹೆಸರು ಎರಡು ಸಲ ಬಂದು, ಒಂದರ ಪಕ್ಕ ಸರ್ವಿಸ್‌ನ ಹೆಸರಿದ್ದರೆ ಕೆಲಸ ಬೇರೆ. ವಿಂಡೋಸ್ ಕೀ ಜೊತೆ `R` ಒತ್ತಿ `services.msc` ಎಂದು ಬರೆದು ಎಂಟರ್ ಒತ್ತಿ. ಆ ಸರ್ವಿಸ್ ಮೇಲೆ ಎರಡು ಸಲ ಕ್ಲಿಕ್ ಮಾಡಿ. `Startup type` ಎದುರು ಈಗ ಏನಿದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅದನ್ನು `Disabled` ಮಾಡಿ, `Stop` ಒತ್ತಿ, `OK` ಕೊಡಿ. ಆಮೇಲೆ ಲ್ಯಾಪ್‌ಟಾಪನ್ನು `Restart` ಮಾಡಿ. ಶಟ್‌ಡೌನ್ ಮಾಡಿ ಮತ್ತೆ ಹಾಕುವುದು ಬೇಡ. ಫಾಸ್ಟ್ ಸ್ಟಾರ್ಟಪ್ ಚಾಲೂ ಇರುವ ವಿಂಡೋಸ್ ಶಟ್‌ಡೌನ್ ಆದಾಗ ತನ್ನ ಒಳಗಿನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿಗೆ ಉಳಿಸಿ ಮರುದಿನ ಅಲ್ಲಿಂದಲೇ ಮುಂದುವರಿಯುತ್ತದೆ. ಪೂರ್ತಿ ಹೊಸದಾಗಿ ಏಳುವುದು ರೀಸ್ಟಾರ್ಟ್‌ನಲ್ಲಿ ಮಾತ್ರ.

ಪ್ರೋಗ್ರಾಂ ಫೈಲಿನ ಹೆಸರು ಬದಲಿಸಿದರೆ ದಾಟಬಹುದು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಫೈಲಿನೊಳಗೆ ದಾಖಲಾಗಿರುವ ಮೂಲ ಹೆಸರನ್ನೂ ಈ ಬ್ರೌಸರ್ ಓದಬಲ್ಲದು. ವರ್ಚುವಲ್ ಮೆಷೀನ್ ಒಳಗೆ ಓಡಿಸುವ ಉಪಾಯವೂ ಬೇಡ. ಅದನ್ನು ಗುರುತಿಸಿ ನಿಲ್ಲಿಸುವ ವ್ಯವಸ್ಥೆ ಅದರಲ್ಲೇ ಇದೆ, ಮೇಲಾಗಿ ಅದು ನಕಲಿನ ಪ್ರಯತ್ನವೆಂದು ದಾಖಲಾಗಬಹುದು.

ಒಂದು ಮಿತಿ ಹೇಳಲೇಬೇಕು. ಸರ್ವಿಸ್ ನಿಲ್ಲಿಸಲು ಅಡ್ಮಿನ್ ಅಧಿಕಾರ ಬೇಕು. ಲ್ಯಾಪ್‌ಟಾಪ್ ಅಣ್ಣನ ಅಥವಾ ಅಕ್ಕನ ಕಚೇರಿಯದಾಗಿದ್ದರೆ ಅದು ನಿಮ್ಮ ಕೈಯಲ್ಲಿರುವುದಿಲ್ಲ. ಅದರ ಹಿಂದೆ ಬಿದ್ದು ಈ ಎರಡು ದಿನ ಕಳೆಯಬೇಡಿ, ಇಂದೇ ಬೇರೆ ಲ್ಯಾಪ್‌ಟಾಪ್ ಕೇಳಿ ತಂದು ಅದೇ `.seb` ಫೈಲ್ ತೆರೆದು ನೋಡಿ.

ಇಷ್ಟಾದರೂ ಪರೀಕ್ಷೆಯ ಬೆಳಿಗ್ಗೆ ತೆರೆಯದಿದ್ದರೆ, ಏನನ್ನೂ ಒತ್ತುವ ಮೊದಲು ಮೊಬೈಲಿನಲ್ಲಿ ಪರದೆಯ ಫೋಟೊ ತೆಗೆಯಿರಿ. ಸ್ಕ್ರೀನ್‌ಶಾಟ್ ಅಲ್ಲಿ ನಡೆಯುವುದಿಲ್ಲ. ಸಂದೇಶದ ಪದಗಳು ಮತ್ತು ಗಡಿಯಾರದ ಸಮಯ ಎರಡೂ ಕಾಣಲಿ. ಒಂದೇ ಒಂದು ಸಲ ರೀಸ್ಟಾರ್ಟ್ ಮಾಡಿ ನೋಡಿ. ಆಗಲಿಲ್ಲವೆಂದರೆ ಸಹಾಯವಾಣಿಗೆ ಕರೆ ಮಾಡಿ, ಅದೇ ಫೋಟೊವನ್ನು ಇಮೇಲ್‌ನಲ್ಲೂ ಕಳುಹಿಸಿ. ಸಮಯ ಕೂಡಿಸಿ ಕೊಡಿ ಎಂದು ನಂತರ ಕೇಳಲು ನಿಮ್ಮ ಕೈಯಲ್ಲಿರುವ ಸಾಕ್ಷಿ ಅದೇ. ಅವರು ಲಾಗ್ ಕೇಳಿದರೆ ಅದು ಇಲ್ಲಿರುತ್ತದೆ:

```
%LocalAppData%\SafeExamBrowser\Logs
```

ಆ ದಿನಾಂಕದ, ಹೆಸರಿನಲ್ಲಿ `Runtime` ಇರುವ ಫೈಲ್ ತೆರೆದು `ERROR` ಎಂದು ಹುಡುಕಿದರೆ ಎಲ್ಲಿ ನಿಂತಿತು ಎಂಬ ಸಾಲು ನಿಮಗೂ ಸಿಗುತ್ತದೆ.

ಬ್ರೌಸರ್ ಅರ್ಧಕ್ಕೆ ಸಿಕ್ಕಿಕೊಂಡಿತೆಂದು ಪವರ್ ಬಟನ್ ಒತ್ತಿ ಹಿಡಿಯುವುದನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳಿ. ಪರೀಕ್ಷೆಯ ಹೊತ್ತಿನಲ್ಲಿ ಅದು ಟಾಸ್ಕ್ ಮ್ಯಾನೇಜರ್‌ನಂಥ ಕೆಲವು ಸೌಲಭ್ಯಗಳನ್ನು ಮರೆಮಾಡಿರುತ್ತದೆ. ಹಠಾತ್ತನೆ ಆಫ್ ಆದರೆ ಅವು ಮರೆಯಾಗಿಯೇ ಉಳಿಯಬಹುದು. ಬ್ಯಾಟರಿ ಸತ್ತ ಲ್ಯಾಪ್‌ಟಾಪನ್ನು ನೇರ ಪ್ಲಗ್‌ಗೆ ಸಿಕ್ಕಿಸಿಟ್ಟು, ಕರೆಂಟ್ ಹೋದಾಗ ಹೀಗಾದದ್ದನ್ನು ನಾನು ನೋಡಿದ್ದೇನೆ. ಸ್ಟಾರ್ಟ್ ಮೆನುವಿನಲ್ಲಿ `SEB Reset Utility` ಎಂದು ಹುಡುಕಿ ಓಡಿಸಿದರೆ ಅವು ಹಿಂದಿನಂತೆ ಬರುತ್ತವೆ.

ಆ ಹುಡುಗಿ ನನ್ನ ಮುಂದೆ ಕುಳಿತಾಗ ಪರೀಕ್ಷೆಗೆ ಐವತ್ತು ನಿಮಿಷ ಉಳಿದಿತ್ತು. ಸರ್ವಿಸ್ ನಿಲ್ಲಿಸಿ ರೀಸ್ಟಾರ್ಟ್ ಮಾಡಿದ ಮೇಲೆ ಮೊದಲ ಸಲಕ್ಕೇ ತೆರೆಯಿತು. ಮುಗಿಸಿ ಹೊರಡುವಾಗ ಅವಳ ಚೀಟಿಯಲ್ಲಿ `Automatic` ಎಂದು ಬರೆದಿತ್ತು. ಅದನ್ನು ನೋಡಿ ಸರ್ವಿಸನ್ನು ಮೊದಲಿನಂತೆ ಮಾಡಿಕೊಟ್ಟೆ, ಸಂಜೆ ಅಂಗಡಿಯಲ್ಲಿ ಬಿಲ್ ನಿಂತರೆ ಸರಿಪಡಿಸುವವರು ಒಳಗೆ ಬರಬೇಕಲ್ಲ. ನಿಮ್ಮ ಪರದೆಯಲ್ಲಿ ಬರುವ ಹೆಸರು ಯಾವುದೆಂದು ಇಲ್ಲಿ ಬರೆಯಿರಿ, ಯಾವ ಸರ್ವಿಸ್ ಎಂದು ಹುಡುಕಿ ಹೇಳುತ್ತೇನೆ.