ಜಾಕಿ ಚಾನ್ ಏಟಿಗೆ ಆ ತೂಕ ಎಲ್ಲಿಂದ?

ಈಗಿನ ಗ್ರಾಫಿಕ್ಸ್ ಫೈಟ್‌ಗಳಲ್ಲಿ ಏಟಿಗೆ ತೂಕವೇ ಇಲ್ಲ. ಹಳೆಯ ಜಾಕಿ ಚಾನ್ ಸಿನಿಮಾಗಳಲ್ಲಿ ನಮಗೇ ಬಿದ್ದಂತಾಗುತ್ತೆ, ಯಾಕೆ?

ಅಲ್ಲಿ ಏಟು ತಗಲುವ ಕ್ಷಣವನ್ನು ಕಟ್ ಮಾಡಿ ಮುಚ್ಚಿಡುವುದಿಲ್ಲ, ಅದಕ್ಕೆ. ಕ್ಯಾಮೆರಾ ದೂರ ನಿಲ್ಲುತ್ತದೆ. ಹೊಡೆಯುವವನು, ಬೀಳುವವನು ಇಬ್ಬರೂ ತಲೆಯಿಂದ ಕಾಲಿನವರೆಗೆ ಕಾಣುತ್ತಾರೆ. ಹತ್ತಿರದ ಶಾಟ್‌ಗೆ ಹೋಗುವಾಗಲೂ ಏಟಿಗಿಂತ ಕೆಲವು ಫ್ರೇಮ್ ಹಿಂದಿನಿಂದ ಶುರು ಮಾಡುತ್ತಾರೆ. ಹಾಗಾಗಿ ಏಟು ಎರಡು ಸಲ ಬಿದ್ದರೂ ಕಣ್ಣಿಗೆ ಜೋರಾದ ಒಂದೇ ಏಟು.

1985ರ ‘ಪೊಲೀಸ್ ಸ್ಟೋರಿ’ ನೋಡಿ (ನಮ್ಮ ಸಾಯಿಕುಮಾರ್ ಅವರದ್ದಲ್ಲ, ಹಾಂಗ್‌ಕಾಂಗ್‌ನದು). ಕೊನೆಯಲ್ಲಿ ಜಾಕಿ ಮಾಲ್‌ನೊಳಗೆ ಬಲ್ಬಿನ ಸರ ಸುತ್ತಿದ ಕಂಬ ಹಿಡಿದು ಜಾರುತ್ತಾರೆ. ಡೂಪ್ ಇಲ್ಲ. ಅದೇ ಜಾರುವಿಕೆಯನ್ನು ಬೇರೆ ಬೇರೆ ಕೋನಗಳಿಂದ ಮತ್ತೆ ಮತ್ತೆ ತೋರಿಸುತ್ತಾರೆ. ಬಲ್ಬುಗಳ ಬಿಸಿಗೆ ಅವರ ಕೈ ನಿಜವಾಗಿಯೂ ಸುಟ್ಟಿತ್ತು.