ಪಿಎಫ್ ಟಿಡಿಎಸ್ ನೋಟಿಸಿಗೆ ಉತ್ತರ: ಹಿಂದಿನ ಕಂಪನಿಯ ಸೇವೆಯನ್ನು ತೋರಿಸುವುದು ಹೇಗೆ?

ಪ್ರಶ್ನೆ: ಪಿಎಫ್ ತೆಗೆದಾಗ 10% ಟಿಡಿಎಸ್ ಕಡಿತವಾಯಿತು. ಆ ಹಣಕ್ಕೆ ರಿಟರ್ನ್‌ನಲ್ಲಿ ವಿನಾಯಿತಿ ಕೇಳಿದ್ದಕ್ಕೆ ನೋಟಿಸ್ ಬಂದಿದೆ. ಎರಡು ಕಂಪನಿಗಳ ಸೇವೆ ಸೇರಿದರೆ ಐದು ವರ್ಷ ದಾಟುತ್ತದೆ. ಏನು ಬರೆಯಲಿ?

ಉತ್ತರ: ಹಳೆಯ ಖಾತೆಯ ಹಣ ಹೊಸ ಖಾತೆಗೆ ವರ್ಗವಾಗಿದ್ದರೆ, ಆ ಹಣವನ್ನು ನಿಮ್ಮ ತೆರಿಗೆಯ ಆದಾಯಕ್ಕೆ ಸೇರಿಸುವ ನೋಟಿಸಿನ ಪ್ರಸ್ತಾವವನ್ನು ಒಪ್ಪುವುದಿಲ್ಲವೆಂದು ತಿಳಿಸಿ, ಎರಡೂ ಅವಧಿಗಳ ದಾಖಲೆ ಲಗತ್ತಿಸಿ. 1961ರ ಆದಾಯ ತೆರಿಗೆ ಕಾಯ್ದೆಯ ನಾಲ್ಕನೇ ಅನುಸೂಚಿ, ಎ ಭಾಗದ 8ನೇ ನಿಯಮದಂತೆ, ಹಿಂದಿನ ಮಾಲೀಕರ ಬಳಿಯ ಸೇವೆಯೂ ವಿನಾಯಿತಿಗೆ ಬೇಕಾದ ಐದು ವರ್ಷದ ಲೆಕ್ಕಕ್ಕೆ ಸೇರುವುದು ಆ ಖಾತೆಯ ಶಿಲ್ಕು ಹೊಸ ಖಾತೆಗೆ ಬಂದಿದ್ದರೆ ಮಾತ್ರ. ಯುಎಎನ್ ಒಂದೇ ಆಗಿದ್ದರೆ ಸಾಲದು. ಬಹುತೇಕರು ಎಡವುವುದು ಇಲ್ಲಿಯೇ.

ಉದಾಹರಣೆಗೆ, ಮೊದಲ ಕಂಪನಿಯಲ್ಲಿ ಜೂನ್ 2017ರಿಂದ ಮಾರ್ಚ್ 2020ರವರೆಗೆ, ಎರಡನೆಯದರಲ್ಲಿ ಏಪ್ರಿಲ್ 2020ರಿಂದ ಡಿಸೆಂಬರ್ 2022ರವರೆಗೆ ದುಡಿದಿದ್ದರೆ ಒಟ್ಟು ಸೇವೆ 5 ವರ್ಷ 7 ತಿಂಗಳು. ಎರಡನೆಯ ಖಾತೆಯೊಂದನ್ನೇ ನೋಡಿದವರಿಗೆ ಕಾಣುವುದು 2 ವರ್ಷ 9 ತಿಂಗಳಷ್ಟೇ. ಆದ್ದರಿಂದ ಉತ್ತರದಲ್ಲಿ ಸೇರಿದ ಮತ್ತು ಬಿಟ್ಟ ದಿನಾಂಕಗಳು, ಎರಡೂ ಸದಸ್ಯ ಸಂಖ್ಯೆಗಳು ಹಾಗೂ ಹಣ ವರ್ಗವಾದ ದಿನಾಂಕವನ್ನು ಬರೆಯಿರಿ. ವರ್ಗಾವಣೆಯ ವಿವರವಿರುವ ಅನೆಕ್ಸರ್-ಕೆ, ಆ ಜಮೆ ಕಾಣುವ ಪಾಸ್‌ಬುಕ್ ಪುಟ, ಎರಡೂ ಕಂಪನಿಗಳ ರಿಲೀವಿಂಗ್ ಪತ್ರಗಳನ್ನು ಜೋಡಿಸಿ. ಪತ್ರದ ದಿನಾಂಕವೂ ಇಪಿಎಫ್‌ಒ ಸೇವಾ ವಿವರದ ದಿನಾಂಕವೂ ಬೇರೆಯಾಗಿದ್ದರೆ ಕಾರಣವನ್ನು ನೀವೇ ಒಂದು ಸಾಲಿನಲ್ಲಿ ತಿಳಿಸುವುದು ಒಳ್ಳೆಯದು.

ಫಾರ್ಮ್ 26ಎಎಸ್‌ನಲ್ಲಿರುವ ಟಿಡಿಎಸ್ ಈ ವಿನಾಯಿತಿಯ ಹಣದ್ದೇ ಎಂದೂ, ಅದನ್ನು ಮರುಪಾವತಿಸಬೇಕೆಂದೂ ಸೇರಿಸಿ. ನಿಮಗೆ ಬಂದದ್ದು ಅದೇ ಕಾಯ್ದೆಯ ಸೆಕ್ಷನ್ 143(1)(ಎ) ಅಡಿಯ ಸೂಚನೆಯಾದರೆ ಉತ್ತರಕ್ಕೆ 30 ದಿನಗಳ ಕಾಲಾವಕಾಶವಿರುತ್ತದೆ. ಮೊದಲ ಖಾತೆಯ ಹಣವನ್ನು ಆಗಲೇ ಪ್ರತ್ಯೇಕವಾಗಿ ತೆಗೆದುಕೊಂಡಿದ್ದರೆ ಈ ವಾದ ನಿಲ್ಲುವುದಿಲ್ಲ.